ಒಂದೇ ಸೂರ್ಯ, ಮೂರು ನಂಬರ್: ಜಪಾನಿನ ಇಮೋಜಿ ಯೂನಿಕೋಡ್ ಸೇರಿದ್ದು ಹೀಗೆ

ಪ್ರಶ್ನೆ: ಇಮೋಜಿ ಹುಟ್ಟಿದ್ದು ಜಪಾನಿನ ಮೊಬೈಲ್‌ಗಳಲ್ಲಿ ಅಂತ ಓದಿದೆ. ಒಂದು ದೇಶದ ಫೋನ್ ಕಂಪನಿಯ ಚಿತ್ರಗಳು ಎಲ್ಲರ ಫೋನಿಗೂ ಹೇಗೆ ಬಂದವು? ಅವನ್ನು ಯೂನಿಕೋಡ್‌ಗೆ ಯಾಕೆ ಸೇರಿಸಿದರು? ಇನ್ನೊಂದು ಸಣ್ಣ ಅನುಮಾನ: ನಾನು ಕಳಿಸಿದ ಸೂರ್ಯ ಕೆಲವು ಕಡೆ ಹಳದಿಯಾಗಿ, ಕೆಲವು ಕಡೆ ಬರೀ ಕಪ್ಪು ಗೆರೆಗಳಲ್ಲಿ ಕಾಣುತ್ತದೆ. ಏನು ಕಾರಣ?

ಉತ್ತರ: ನಿಮ್ಮ ಸಣ್ಣ ಅನುಮಾನದಿಂದಲೇ ಶುರು ಮಾಡುತ್ತೇನೆ. ಆ ಕಪ್ಪು ಸೂರ್ಯನ ಬೆನ್ನು ಹತ್ತಿ ಹೋದರೆ ನೀವು ಕೇಳಿದ ಉಳಿದದ್ದೆಲ್ಲ ದಾರಿಯಲ್ಲೇ ಸಿಗುತ್ತದೆ.

ಮೊದಲು ಹೆಸರಿನ ವಿಷಯ. ಇಮೋಜಿ ಅನ್ನುವುದಕ್ಕೂ ಇಂಗ್ಲಿಷಿನ ಎಮೋಷನ್‌ಗೂ ಸಂಬಂಧ ಇಲ್ಲ. ಜಪಾನಿ ಭಾಷೆಯಲ್ಲಿ ‘ಎ’ ಅಂದರೆ ಚಿತ್ರ, ‘ಮೋಜಿ’ ಅಂದರೆ ಅಕ್ಷರ. ಎರಡೂ ಸೇರಿ ಚಿತ್ರಾಕ್ಷರ. ‘ಅಕ್ಷರ’ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಪಟ್ಟಿಯೇ ಯೂನಿಕೋಡ್. ಇವು ಅಲ್ಲಿಗೆ ಬಂದದ್ದೇ ಆ ಕಾರಣಕ್ಕೆ.

1990ರ ದಶಕದಲ್ಲಿ ಜಪಾನಿನ ಹುಡುಗ ಹುಡುಗಿಯರ ಕೈಯಲ್ಲಿ ಮೊಬೈಲ್‌ಗಿಂತ ಮೊದಲು ಪೇಜರ್ ಇತ್ತು. ಅದಕ್ಕೆ ಅಲ್ಲಿ ‘ಪೊಕೆಬೆರು’ ಅನ್ನುತ್ತಿದ್ದರು. ಮೊದಮೊದಲು ಅದಕ್ಕೆ ಬರೀ ಅಂಕಿಗಳನ್ನು ಕಳಿಸಬಹುದಿತ್ತು. ಆ ಮಕ್ಕಳು ಅಂಕಿಗಳಲ್ಲೇ ಮಾತಾಡುವುದನ್ನು ಕಲಿತುಬಿಟ್ಟರು. 0840 ಕಳಿಸಿದರೆ ‘ಒಹಾಯೋ’, ಅಂದರೆ ಶುಭೋದಯ. ಸೊನ್ನೆಯನ್ನು ‘ಒ’ ಅಂತ, ಎಂಟನ್ನು ‘ಹಾ’ ಅಂತ, ನಾಲ್ಕನ್ನು ‘ಯೋ’ ಅಂತ ಓದಿಕೊಳ್ಳುತ್ತಿದ್ದರು. ಆಮೇಲೆ ಕೆಲವು ಪೇಜರ್‌ಗಳಲ್ಲಿ ಹೃದಯದ ಗುರುತು ಬಂತು. ಡೊಕೊಮೊ ಕಂಪನಿ ಮುಂದೆ ಒಂದು ಮಾದರಿಯಲ್ಲಿ ಆ ಹೃದಯವನ್ನು ಕೈಬಿಟ್ಟಾಗ ಎಳೆಯ ಗ್ರಾಹಕರು ಬೇಸರಪಟ್ಟು ಬೇರೆ ಕಂಪನಿಗೆ ಹೋದರಂತೆ. ಇದನ್ನು ಆಗ ಡೊಕೊಮೊದಲ್ಲಿದ್ದ ಶಿಗೆತಾಕಾ ಕುರಿತಾ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಆ ಕುರಿತಾ ಅವರನ್ನೇ ಇಮೋಜಿಯ ಜನಕ ಅಂತ ಕರೆಯುವುದು ವಾಡಿಕೆ. ಅವರ ಕೆಲಸ ದೊಡ್ಡದು, ಆದರೆ ಮೊದಲನೆಯದಲ್ಲ. ಜೆ-ಫೋನ್ ಅನ್ನುವ ಕಂಪನಿ 1997ರ ನವೆಂಬರ್‌ನಲ್ಲೇ ‘ಸ್ಕೈವಾಕರ್’ ಹೆಸರಿನ ಫೋನಿನಲ್ಲಿ 90 ಚಿತ್ರಾಕ್ಷರಗಳನ್ನು ಕೊಟ್ಟಿತ್ತು. ಇವತ್ತು ಎಲ್ಲರೂ ನಗುವ ಆ ಸಗಣಿಯ ಗುಡ್ಡೆ 💩 ಅದರಲ್ಲೇ ಇತ್ತು. ಆ ಫೋನ್ ಜಾಸ್ತಿ ಮಾರಾಟವಾಗಲಿಲ್ಲ. ಅದರ ಚಿತ್ರಗಳನ್ನು ಬರೆದವರು ಯಾರು ಅಂತ ಯಾರೂ ದಾಖಲಿಸಲೂ ಇಲ್ಲ. ಮುಂದೆ ಅದೇ ಕಂಪನಿ ಕೈ ಬದಲಾಗಿ ಸಾಫ್ಟ್‌ಬ್ಯಾಂಕ್ ಆಯಿತು. ಈ ಹೆಸರು ನೆನಪಿರಲಿ, ಕಥೆಗೆ ಮತ್ತೆ ಬೇಕಾಗುತ್ತದೆ.

1999ರ ಫೆಬ್ರವರಿಯಲ್ಲಿ ಡೊಕೊಮೊ ‘ಐ-ಮೋಡ್’ ಶುರು ಮಾಡಿತು. ಮೊಬೈಲ್‌ನಲ್ಲೇ ಮೇಲ್, ಹವಾಮಾನ, ಸುದ್ದಿ, ರೈಲಿನ ವಿವರ. ಒಂದು ಮೇಲ್‌ಗೆ 250 ಅಕ್ಷರಗಳ ಮಿತಿ, ಪರದೆಯೂ ಚಿಕ್ಕದು. ‘ಇವತ್ತು ಬಿಸಿಲು’ ಅಂತ ಬರೆಯುವ ಬದಲು ಒಂದು ಸೂರ್ಯ ಹಾಕಿದರೆ ಜಾಗ ಉಳಿಯುತ್ತದೆ, ನೋಡಿದ ಕೂಡಲೇ ಅರ್ಥವೂ ಆಗುತ್ತದೆ. ಅದಕ್ಕೆ ಕುರಿತಾ ಅವರ ತಂಡ 176 ಚಿತ್ರಾಕ್ಷರಗಳನ್ನು ಮಾಡಿತು. ಸೂರ್ಯ, ಮೋಡ, ಕೊಡೆ, ರಾಶಿಗಳು, ರೈಲು, ಕಾಫಿ ಲೋಟ, ಹೃದಯಗಳು. ಮುಖಗಳು ಬೆರಳೆಣಿಕೆಯಷ್ಟು ಮಾತ್ರ. ಸಿಟ್ಟಿಗೆ ಹಣೆಯ ನರ 💢, ಗಾಬರಿಗೆ ಬೆವರ ಹನಿ 💦, ಇಂಥವು ಜಪಾನಿನ ಚಿತ್ರಕಥೆಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಗುರುತುಗಳು.

ಪ್ರತಿ ಚಿತ್ರಕ್ಕೂ ಸಿಕ್ಕ ಜಾಗ ಅಡ್ಡಕ್ಕೆ 12 ಚುಕ್ಕಿ, ಉದ್ದಕ್ಕೆ 12 ಚುಕ್ಕಿ. ಒಟ್ಟು 144. ಚೌಕುಳಿ ಹಾಳೆಯಲ್ಲಿ ಹನ್ನೆರಡು ಮನೆ ಗೆರೆ ಎಳೆದು ಒಂದು ಕೊಡೆ ಬಿಡಿಸಿ ನೋಡಿ. ಹಿಡಿಕೆಯ ಕೊಕ್ಕೆಗೆ ಎರಡು ಮೂರು ಚುಕ್ಕಿ ಕೊಟ್ಟರೆ ಮೇಲಿನ ಬಟ್ಟೆಗೆ ಜಾಗ ಸಾಲುವುದಿಲ್ಲ. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈ 176 ಚಿತ್ರಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅದು ಸರಿಯಾದ ಗೌರವ ಅಂತಲೇ ನನ್ನ ಭಾವನೆ.

ಈಗ ಮುಖ್ಯ ಮಾತಿಗೆ ಬರೋಣ. ಐ-ಮೋಡ್ ಈ ಚಿತ್ರವನ್ನು ಚಿತ್ರವಾಗಿ ಕಳಿಸುತ್ತಿರಲಿಲ್ಲ. ಜಪಾನಿನ ಫೋನುಗಳು ಆಗ ಬಳಸುತ್ತಿದ್ದ ಅಕ್ಷರ ಪದ್ಧತಿಯ ಹೆಸರು ಶಿಫ್ಟ್-ಜಿಸ್. ಅದರಲ್ಲಿ ಒಂದು ಕಾಂಜಿಗೆ, ಅಂದರೆ ಚೀನೀ ಮೂಲದ ಅಕ್ಷರಕ್ಕೆ, ಎರಡು ಬೈಟ್. ಕೊನೆಯಲ್ಲಿ ಒಂದಷ್ಟು ನಂಬರ್‌ಗಳನ್ನು ಯಾವ ಅಕ್ಷರಕ್ಕೂ ಕೊಡದೆ ಖಾಲಿ ಬಿಟ್ಟಿದ್ದರು. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬೇಕಾದವರು ಅಲ್ಲಿ ತಮ್ಮದನ್ನು ಇಟ್ಟುಕೊಳ್ಳಬಹುದಿತ್ತು. ಅಂಥ ಅಕ್ಷರಕ್ಕೆ ‘ಗೈಜಿ’ ಅಂತ ಹೆಸರು, ಅಂದರೆ ಹೊರಗಿನ ಅಕ್ಷರ. ಡೊಕೊಮೊ ತನ್ನ ಸೂರ್ಯನನ್ನು ಅಲ್ಲಿ `F89F` ಅನ್ನುವ ನಂಬರ್‌ನಲ್ಲಿ ಕೂರಿಸಿತು. 144 ಚುಕ್ಕಿಗಳನ್ನು ಕಳಿಸಬೇಕೆಂದರೆ 18 ಬೈಟ್ ಬೇಕು. ನಂಬರ್ ಕಳಿಸಲು ಎರಡೇ ಬೈಟ್ ಸಾಕು. ಚಿತ್ರ ಆ ಕಡೆಯ ಫೋನಿನ ಫಾಂಟಿನಲ್ಲೇ ಇರುತ್ತದೆ. ನಂಬರ್ ಬಂದ ಕೂಡಲೇ ಫೋನ್ ಅದನ್ನು ಬರೆದು ತೋರಿಸುತ್ತದೆ. ನಮ್ಮ ‘ಕ’ ಹೇಗೋ ಈ ಸೂರ್ಯನೂ ಹಾಗೆ, ಒಂದು ಅಕ್ಷರ.

ತೊಂದರೆ ಶುರುವಾದದ್ದೂ ಇಲ್ಲೇ. ಐ-ಮೋಡ್ ಗೆದ್ದಿತು. ಉಳಿದ ಎರಡು ದೊಡ್ಡ ಕಂಪನಿಗಳು ಸುಮ್ನೆ ಕೂರಲಿಲ್ಲ. ಕೆಡಿಡಿಐ ತನ್ನದೇ ಪಟ್ಟಿ ಮಾಡಿತು. ಜೆ-ಫೋನ್ ತನ್ನ ಪಟ್ಟಿಯನ್ನು ಬೆಳೆಸಿತು. ಮೂವರೂ ಖಾಲಿ ಜಾಗದಲ್ಲಿ ತಮಗೆ ತೋಚಿದ ಹಾಗೆ ಕೂರಿಸಿಕೊಂಡರು. ಡೊಕೊಮೊ ಸೂರ್ಯನ ನಂಬರ್ `F89F`, ಕೆಡಿಡಿಐ ಸೂರ್ಯನದು `F660`, ಸಾಫ್ಟ್‌ಬ್ಯಾಂಕ್ ಸೂರ್ಯನದು `F98B`. ಸೂರ್ಯ ಒಬ್ಬನೇ, ನಂಬರ್ ಮೂರು.

ಒಂದೇ ಕಂಪನಿಯ ಇಬ್ಬರು ಗೆಳತಿಯರ ನಡುವೆ ಎಲ್ಲ ಸರಿ. ಬೇರೆ ಕಂಪನಿಯ ಗೆಳತಿಗೆ ಕಳಿಸಿದರೆ ಸೂರ್ಯನ ಜಾಗದಲ್ಲಿ 〓 ಬರುತ್ತಿತ್ತು. ಇದಕ್ಕೆ ‘ಗೆತಾ’ ಅಂತ ಹೆಸರು. ಗೆತಾ ಅಂದರೆ ಜಪಾನಿನ ಮರದ ಪಾದುಕೆ, ಅದರ ಅಡಿಯಲ್ಲಿ ಎರಡು ಪಟ್ಟಿ ಇರುತ್ತದೆ. ಹಿಂದೆ ಮೊಳೆ ಜೋಡಿಸುವ ಅಚ್ಚುಕೂಟದಲ್ಲಿ ಬೇಕಾದ ಅಕ್ಷರದ ಮೊಳೆ ಸಿಗದಿದ್ದರೆ ಯಾವುದೋ ಒಂದು ಮೊಳೆಯನ್ನು ತಲೆಕೆಳಗಾಗಿ ಇಡುತ್ತಿದ್ದರು. ಆಗ ಕಾಗದದ ಮೇಲೆ ಮೂಡುವ ಗುರುತು ಪಾದುಕೆಯ ಹೆಜ್ಜೆಯಂತೆ ಇರುತ್ತಿತ್ತು. ‘ಇಲ್ಲಿ ಒಂದು ಅಕ್ಷರ ಇರಬೇಕಿತ್ತು, ಸಿಗಲಿಲ್ಲ’ ಅನ್ನುವುದು ಅದರ ಅರ್ಥ. ಪ್ರೀತಿಯಿಂದ ಹೃದಯ ಹಾಕಿ ಕಳಿಸಿದವಳ ಮಾತು ಆ ಕಡೆ ಪಾದುಕೆಯ ಹೆಜ್ಜೆಯಾಗಿ ಮೂಡುವುದು ಎಂಥ ಬೇಸರ ಅಲ್ವಾ?

ಕನ್ನಡದಲ್ಲಿ ಹಳೆ ಕಾಲದಿಂದ ಟೈಪ್ ಮಾಡುತ್ತಿರುವವರಿಗೆ ಈ ರೋಗ ಹೊಸದಲ್ಲ. ನಮ್ಮ ಹಳೆಯ ಫಾಂಟುಗಳೂ ಇದೇ ಕೆಲಸ ಮಾಡುತ್ತಿದ್ದವು. ಇಂಗ್ಲಿಷ್ ಅಕ್ಷರಗಳ ನಂಬರ್‌ಗಳ ಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಕನ್ನಡ ಕೂರಿಸಿದ್ದರು. ನಮ್ಮ ಮನೆಯ ಮದುವೆ ಕಾಗದವನ್ನು ನಾನೇ ಟೈಪ್ ಮಾಡಿ ಒಂದು ಪ್ರೆಸ್‌ಗೆ ಕೊಟ್ಟಿದ್ದೆ. ಅವರ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಇತ್ತು. ತೆರೆದರೆ ವಧೂವರರ ಹೆಸರಿದ್ದ ಕಡೆ ಬ್ರಾಕೆಟ್ಟು, ಚುಕ್ಕಿ, ಇಂಗ್ಲಿಷ್ ಅಕ್ಷರಗಳ ರಾಶಿ. ರಾತ್ರಿ ಕೂತು ಪೂರ್ತಿ ಮತ್ತೆ ಟೈಪ್ ಮಾಡಿದೆವು. ಒಂದು ಅಕ್ಷರಕ್ಕೆ ಎಲ್ಲ ಕಡೆಯೂ ಒಂದೇ ನಂಬರ್ ಇರಬೇಕು ಅನ್ನುವುದು ಯಾಕೆ ಅಂತ ನನಗೆ ಅರ್ಥವಾದದ್ದು ಆ ರಾತ್ರಿ. ಯೂನಿಕೋಡ್ ಮಾಡುವ ಕೆಲಸವೇ ಅದು. ನಮ್ಮ ‘ಕ’ ಅಲ್ಲಿ `U+0C95`, ಯಾವ ಫೋನಿನಲ್ಲಾದರೂ, ಯಾವ ಫಾಂಟಿನಲ್ಲಾದರೂ.

ಜಪಾನಿನ ಕಂಪನಿಗಳು ಮುಂದೆ ತಮ್ಮ ನಡುವೆ ನಂಬರ್ ಬದಲಾಯಿಸುವ ಪಟ್ಟಿಗಳನ್ನು ಮಾಡಿಕೊಂಡವು. ಬೇರೆ ಕಂಪನಿಗೆ ಹೋಗುವ ಮೇಲ್‌ನಲ್ಲಿ `F89F` ಇದ್ದರೆ ದಾರಿಯಲ್ಲೇ `F660` ಮಾಡಿ ಕಳಿಸುವುದು. ಆ ಕಡೆಯ ಪಟ್ಟಿಯಲ್ಲಿ ಅಂಥ ಚಿತ್ರವೇ ಇಲ್ಲದಿದ್ದರೆ ಅದರ ಹೆಸರನ್ನು ಅಕ್ಷರದಲ್ಲಿ ಬರೆದು ಕಳಿಸುವುದು. ಮೂರೇ ಕಂಪನಿ, ಒಂದೇ ದೇಶ ಇರುವಷ್ಟು ದಿನ ಹೇಗೋ ನಡೆಯಿತು.

ಅದು ಮುರಿದದ್ದು ಹೊರಗಿನವರು ಒಳಗೆ ಬಂದಾಗ. ಜಪಾನಿನಲ್ಲಿ ಜಿಮೇಲ್ ಬಳಸುವವರಿಗೆ ಮೂರೂ ಕಂಪನಿಗಳ ಫೋನುಗಳಿಂದ ಮೇಲ್ ಬರುತ್ತಿತ್ತು. ಗೂಗಲ್‌ಗೆ ಅವನ್ನು ತೋರಿಸಬೇಕು, ಹುಡುಕಿಕೊಡಬೇಕು, ಉತ್ತರದಲ್ಲಿ ವಾಪಸ್ ಕಳಿಸಬೇಕು. ಒಳಗಡೆ ಒಂದೇ ನಂಬರ್ ಇಲ್ಲದೆ ಇದು ಸಾಧ್ಯವಿರಲಿಲ್ಲ. ಹಾಗಾಗಿ ಗೂಗಲ್ ಯೂನಿಕೋಡ್‌ನ ಖಾಸಗಿ ಜಾಗದಲ್ಲಿ ತನ್ನದೇ ಸಾಲು ಶುರು ಮಾಡಿತು. ಸೂರ್ಯನಿಗೆ ಅಲ್ಲಿ ಮೊದಲ ಸ್ಥಾನ, `U+FE000`. ಖಾಸಗಿ ಜಾಗ ಅಂದರೆ ಯಾರು ಬೇಕಾದರೂ ತಮ್ಮೊಳಗೆ ಮಾತ್ರ ಬಳಸಿಕೊಳ್ಳಲಿ ಅಂತ ಬಿಟ್ಟ ಬಯಲು. ಅಲ್ಲಿನ ನಂಬರ್‌ಗೆ ಹೊರಗೆ ಬೆಲೆ ಇಲ್ಲ. ಅಲ್ಲಿಗೆ ಸೂರ್ಯನಿಗೆ ನಾಲ್ಕನೇ ನಂಬರ್ ಬಂದ ಹಾಗಾಯಿತು.

2008ರ ಜುಲೈನಲ್ಲಿ ಐಫೋನ್ ಜಪಾನಿಗೆ ಬಂತು, ಸಾಫ್ಟ್‌ಬ್ಯಾಂಕ್ ಮೂಲಕ. ಇಮೋಜಿ ಇಲ್ಲದ ಫೋನನ್ನು ಅಲ್ಲಿ ಮಾರುವುದು ಕಷ್ಟ. ಅದೇ ವರ್ಷದ ನವೆಂಬರ್‌ನಲ್ಲಿ ಆಪಲ್ ಜಪಾನಿನ ಗ್ರಾಹಕರಿಗೆ ಮಾತ್ರ ಇಮೋಜಿ ಕೊಟ್ಟಿತು. ಅದು ಬಳಸಿದ್ದು ಯೂನಿಕೋಡ್‌ನ ಖಾಸಗಿ ಜಾಗದಲ್ಲಿ ಸಾಫ್ಟ್‌ಬ್ಯಾಂಕ್ ಇಟ್ಟುಕೊಂಡಿದ್ದ ನಂಬರ್. ಸೂರ್ಯನಿಗೆ ಅದರಲ್ಲಿ `U+E04A`. ಬೇರೆ ದೇಶದವರು ಕೆಲವು ಜಪಾನಿ ಆ್ಯಪ್‌ಗಳನ್ನು ಹಾಕಿಕೊಂಡರೆ ಆ ಕೀಬೋರ್ಡ್ ತೆರೆದುಕೊಳ್ಳುತ್ತದೆ ಅನ್ನುವುದನ್ನು ಪತ್ತೆ ಮಾಡಿಬಿಟ್ಟರು. ಅವರು ಕಳಿಸಿದ್ದು ಐಫೋನ್ ಅಲ್ಲದ ಫೋನುಗಳಲ್ಲಿ ಖಾಲಿ ಡಬ್ಬಿಯಾಗಿ ಕಾಣುತ್ತಿತ್ತು. ಪಾದುಕೆಯ ಹೆಜ್ಜೆ ಈಗ ಬೇರೆ ದೇಶಗಳಿಗೂ ಬಂದಿತ್ತು.

ಗೂಗಲ್‌ನ ಮಾರ್ಕಸ್ ಶೆರರ್, ಮಾರ್ಕ್ ಡೇವಿಸ್ ಮತ್ತು ಕ್ಯಾಟ್ ಮೊಮೊಯಿ 2007ರಲ್ಲೇ ಇದನ್ನು ಯೂನಿಕೋಡ್ ಸಮಿತಿಯ ಮುಂದಿಟ್ಟಿದ್ದರು. 2009ರ ಜನವರಿಯಲ್ಲಿ ಅದೇ ಕಂಪನಿಯ ಡ್ಯಾರಿಕ್ ಟಾಂಗ್, ಆಪಲ್‌ನ ಯಾಸುವೊ ಕಿಡಾ, ಪೀಟರ್ ಎಡ್‌ಬರ್ಗ್ ಕೂಡ ಸೇರಿ ಔಪಚಾರಿಕ ಪ್ರಸ್ತಾವನೆ ಕೊಟ್ಟರು. ‘ಅಕ್ಷರಗಳ ಪಟ್ಟಿಯಲ್ಲಿ ನಗುವ ಮುಖಕ್ಕೆ ಏನು ಕೆಲಸ’ ಅನ್ನುವ ಆಕ್ಷೇಪ ಬಂತು. ಅವರ ಉತ್ತರ ಸರಳವಾಗಿತ್ತು. ಇವು ಈಗಾಗಲೇ ಕೋಟ್ಯಂತರ ಮೇಲ್‌ಗಳಲ್ಲಿ ಅಕ್ಷರಗಳ ಮಧ್ಯೆ ಅಕ್ಷರಗಳಾಗಿಯೇ ಓಡಾಡುತ್ತಿವೆ. ಒಂದು ನಂಬರ್ ಕೊಡದಿದ್ದರೆ ಆ ಬರಹ ಕಳೆದುಹೋಗುತ್ತದೆ. ನನ್ನ ಪ್ರಕಾರ ಇದಕ್ಕಿಂತ ಬಲವಾದ ವಾದ ಬೇಕಿರಲಿಲ್ಲ.

ಕೆಲಸ ಮಾತ್ರ ಸರಳವಲ್ಲ. ಒಂದು ನಿಯಮ ಇತ್ತು: ಯಾವ ಕಂಪನಿಯ ಅಕ್ಷರವನ್ನಾದರೂ ಯೂನಿಕೋಡ್‌ಗೆ ತಂದು ಮತ್ತೆ ಅದೇ ಕಂಪನಿಗೆ ಕಳಿಸಿದರೆ ಮೊದಲಿನ ನಂಬರ್ರೇ ಸಿಗಬೇಕು. ಡೊಕೊಮೊದಲ್ಲಿ ಎರಡು ಬಗೆಯ ಹೃದಯ ಇದ್ದರೆ ಯೂನಿಕೋಡ್‌ನಲ್ಲೂ ಎರಡು ಬೇಕು. ನಮ್ಮ ಇಮೋಜಿ ಕೀಬೋರ್ಡಿನಲ್ಲಿ ಇಷ್ಟೊಂದು ಹೃದಯಗಳು ಇರುವುದಕ್ಕೆ ಇದೂ ಒಂದು ಕಾರಣ. ಹೀಗೆ ಒಂದೊಂದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ಮಾಡಿದ ಪಟ್ಟಿ ಇವತ್ತಿಗೂ ಯೂನಿಕೋಡ್‌ನ `EmojiSources.txt` ಅನ್ನುವ ಕಡತದಲ್ಲಿದೆ. ನಮ್ಮ ಸೂರ್ಯನ ಸಾಲು ಇದು:

```
2600;F89F;F660;F98B
```

ಎಡಗಡೆಯದು ಯೂನಿಕೋಡ್ ನಂಬರ್. ಆಮೇಲೆ ಕ್ರಮವಾಗಿ ಡೊಕೊಮೊ, ಕೆಡಿಡಿಐ, ಸಾಫ್ಟ್‌ಬ್ಯಾಂಕ್. ಮೂವರು ಕೊನೆಗೂ ಒಂದೇ ಸಾಲಿಗೆ ಬಂದರು.

ಎಲ್ಲವೂ ಹೀಗೆ ನೇರವಾಗಿ ಮುಗಿಯಲಿಲ್ಲ. ಬಾವುಟಗಳನ್ನೇ ನೋಡಿ. ಜಪಾನಿನ ಪಟ್ಟಿಗಳಲ್ಲಿ ಹತ್ತು ದೇಶಗಳ ಬಾವುಟ ಇತ್ತು: ಜಪಾನ್, ಅಮೆರಿಕ, ಚೀನಾ, ಕೊರಿಯಾ, ರಷ್ಯಾ ಮತ್ತು ಯುರೋಪಿನ ಐದು. ಭಾರತದ್ದು ಇರಲಿಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಹತ್ತೇ ದೇಶಗಳಿಗೆ ಜಾಗ ಕೊಟ್ಟರೆ ಉಳಿದವರು ಒಪ್ಪುತ್ತಾರೆಯೇ? ಎಲ್ಲ ದೇಶಗಳಿಗೂ ಕೊಟ್ಟರೆ, ದೇಶದ ಹೆಸರು ಬಾವುಟ ಬದಲಾದಾಗೆಲ್ಲ ಯೂನಿಕೋಡ್ ಆ ಜಗಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಹೊಳೆದ ದಾರಿ ಚೆನ್ನಾಗಿದೆ. ಬಾವುಟ ಒಂದೂ ಬೇಡ, A ಇಂದ Z ವರೆಗೆ 26 ವಿಶೇಷ ಅಕ್ಷರಗಳನ್ನು ಸೇರಿಸೋಣ. ದೇಶದ ಎರಡಕ್ಷರದ ಗುರುತನ್ನು ಅದರಲ್ಲಿ ಬರೆದರೆ ಫೋನ್ ಬಾವುಟ ತೋರಿಸಲಿ. I ಮತ್ತು N ಪಕ್ಕಪಕ್ಕ ಬಂದರೆ 🇮🇳. ವಿಂಡೋಸ್ ಕಂಪ್ಯೂಟರುಗಳಲ್ಲಿ ಬಾವುಟದ ಬದಲು ಬರೀ IN ಅಂತ ಕಾಣುವುದನ್ನು ನೀವು ನೋಡಿರಬಹುದು. ಅಲ್ಲಿನ ಫಾಂಟ್ ಬಾವುಟ ಬರೆಯುವುದಿಲ್ಲ, ಒಳಗಿನ ಎರಡು ಅಕ್ಷರಗಳು ಹಾಗೇ ಹೊರಗೆ ಕಾಣುತ್ತವೆ.

ಕಂಪನಿಗಳ ಲೋಗೋಗಳನ್ನು ಕೈಬಿಟ್ಟರು. ಟೋಕಿಯೋದ ಶಿಬುಯಾದಲ್ಲಿರುವ ‘109’ ಮಳಿಗೆಯ ಕಟ್ಟಡ ಸಾಫ್ಟ್‌ಬ್ಯಾಂಕ್ ಪಟ್ಟಿಯಲ್ಲಿತ್ತು, ಯೂನಿಕೋಡ್‌ಗೆ ಬರಲಿಲ್ಲ. ಟೋಕಿಯೋ ಟವರ್ 🗼 ಬಂತು. ಹೊಸದಾಗಿ ಡ್ರೈವಿಂಗ್ ಕಲಿತವರು ಕಾರಿಗೆ ಅಂಟಿಸುವ 🔰 ಬಂತು, ಶಿಶುವಿಹಾರದ ಮಕ್ಕಳ ಎದೆಯ ಮೇಲಿನ ಹೆಸರಿನ ಬಿಲ್ಲೆ 📛 ಬಂತು. ಬೆಂಕಿ ಹತ್ತಿದ ಯಾವುದೋ ವಸ್ತು ಅಂತ ತುಂಬ ಜನ ತಿಳಿದಿರುವ ಅದು ನಿಜಕ್ಕೂ ಟ್ಯುಲಿಪ್ ಹೂವಿನ ಆಕಾರದ ಬಿಲ್ಲೆ. ಮೂಗಿನಿಂದ ಗುಳ್ಳೆ ಬರುವ 😪 ಅಳುವ ಮುಖ ಅಲ್ಲ, ನಿದ್ದೆ. ಜಪಾನಿನ ಚಿತ್ರಕಥೆಗಳಲ್ಲಿ ಗಾಢ ನಿದ್ದೆಯನ್ನು ಹಾಗೆ ಬರೆಯುತ್ತಾರೆ. ನಾವು ನಮಸ್ಕಾರ ಅಂತ ಕಳಿಸುವ 🙏 ಅಲ್ಲಿ ‘ದಯವಿಟ್ಟು’, ‘ಕ್ಷಮಿಸಿ’, ‘ಥ್ಯಾಂಕ್ಸ್’.

2010ರ ಅಕ್ಟೋಬರ್‌ನಲ್ಲಿ ಯೂನಿಕೋಡ್ 6.0 ಬಂತು. ಜಪಾನಿನ ಪಟ್ಟಿಗಳಿಂದ ಬಂದ ಇಮೋಜಿ ಒಟ್ಟು 722. ಇದರಲ್ಲಿ 608ಕ್ಕೆ ಹೊಸ ಅಕ್ಷರಗಳು ಬೇಕಾದವು. ಉಳಿದ 114ಕ್ಕೆ ಹೊಸ ನಂಬರ್ ಬೇಕಾಗಲಿಲ್ಲ, ಅವು ಬೇರೆ ಕಾರಣಕ್ಕೆ ಯೂನಿಕೋಡ್‌ನಲ್ಲಿ ಮೊದಲೇ ಇದ್ದವು.

ಈಗ ನಿಮ್ಮ ಕಪ್ಪು ಸೂರ್ಯ. `U+2600` ಯೂನಿಕೋಡ್‌ನಲ್ಲಿ 1990ರ ದಶಕದ ಆರಂಭದಿಂದಲೇ ಇದೆ. ಕಪ್ಪು ಶಾಯಿಯಲ್ಲಿ ಅಚ್ಚಾಗುವ ಒಂದು ಸಾಧಾರಣ ಗುರುತಾಗಿ ಬಂದದ್ದು ಅದು. ಅದರ ಅಧಿಕೃತ ಹೆಸರಿನಲ್ಲೇ ಕಪ್ಪು ಇದೆ: `BLACK SUN WITH RAYS`. ಜಪಾನಿನ ಸೂರ್ಯ ಬಂದಾಗ ಇನ್ನೊಂದು ನಂಬರ್ ಕೊಡದೆ ಇದರಲ್ಲೇ ಕೂರಿಸಿದರು. ಹಾಗಾಗಿ ಒಂದೇ ಮನೆಯಲ್ಲಿ ಇಬ್ಬರು, ಹಳೆಯ ಕಪ್ಪು ಗುರುತು ಮತ್ತು ಹೊಸ ಹಳದಿ ಚಿತ್ರ. ಯಾರು ಬೇಕು ಅಂತ ಹೇಳಲು 2012ರಲ್ಲಿ ಒಂದು ಉಪಾಯ ಮಾಡಿದರು. ಸೂರ್ಯನ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಇಡುವುದು:

```
2600 FE0E   ಕಪ್ಪು ಗುರುತು
2600 FE0F   ಬಣ್ಣದ ಇಮೋಜಿ
```

ನಿಮ್ಮ ಫೋನ್ ಸಾಮಾನ್ಯವಾಗಿ `FE0F` ಸೇರಿಸಿಯೇ ಕಳಿಸುತ್ತದೆ. ಆದರೆ ದಾರಿಯಲ್ಲಿ ಯಾವುದೋ ಆ್ಯಪ್ ‘ಕಾಣದ ಅಕ್ಷರ, ಕಸ ಇರಬೇಕು’ ಅಂತ ಅದನ್ನು ತೆಗೆದುಹಾಕಿದರೆ ಬರೀ `2600` ಉಳಿಯುತ್ತದೆ. ಏನೂ ಹೇಳದಿದ್ದರೆ ಸೂರ್ಯನನ್ನು ಕಪ್ಪಾಗಿ ತೋರಿಸಿ ಅನ್ನುವುದು ಯೂನಿಕೋಡ್‌ನ ಸೂಚನೆ. ಅಥವಾ ಆ ಕಡೆಯ ಹಳೆ ಸಾಫ್ಟ್‌ವೇರ್‌ಗೆ `FE0F` ಅಂದರೆ ಏನು ಅಂತಲೇ ಗೊತ್ತಿಲ್ಲದಿರಬಹುದು. ಪತ್ತೆ ಮಾಡುವುದು ಸುಲಭ. ಸೂರ್ಯನ ಜೊತೆ ಒಂದು 😀 ಕೂಡ ಕಳಿಸಿ. ಮುಖ ಬಣ್ಣದಲ್ಲಿದ್ದು ಸೂರ್ಯ ಮಾತ್ರ ಕಪ್ಪಾಗಿದ್ದರೆ ತೊಂದರೆ ಈ ಕಾಣದ ಅಕ್ಷರದ್ದು. ಮುಖಕ್ಕೆ ಹಳೆಯ ಕಪ್ಪು ರೂಪ ಇಲ್ಲ, ಅದು ಇಮೋಜಿಯಾಗಿಯೇ ಬಂದದ್ದು. ಎರಡೂ ಕಪ್ಪಾಗಿದ್ದರೆ ಆ ಫೋನಿನಲ್ಲಿ ಬಣ್ಣದ ಇಮೋಜಿ ಫಾಂಟೇ ಇಲ್ಲ.

ಆ ಮುಖದ ನಂಬರ್ `U+1F600`, ತುಂಬ ದೊಡ್ಡದು. ಯೂನಿಕೋಡ್ ನಂಬರ್‌ಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಅದಕ್ಕೆ ನಾಲ್ಕು ಬೈಟ್ ಬೇಕು. ಕನ್ನಡ ಅಕ್ಷರಕ್ಕೆ ಮೂರು ಸಾಕು, ಸೂರ್ಯನಿಗೂ ಮೂರೇ. MySQL ಡೇಟಾಬೇಸ್‌ನ ಹಳೆಯ `utf8` ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತಿತ್ತು. ‘ಚೆನ್ನಾಗಿದೆ 😀 ಮತ್ತೆ ಬರೆಯಿರಿ’ ಅಂತ ಯಾರಾದರೂ ಬರೆದರೆ ‘ಚೆನ್ನಾಗಿದೆ’ವರೆಗೆ ಉಳಿದು ಮುಂದಿನದು ಕತ್ತರಿಸಿ ಹೋಗುತ್ತಿತ್ತು, ಇಲ್ಲವೇ ತಪ್ಪು ಅಂತ ತಿರಸ್ಕೃತವಾಗುತ್ತಿತ್ತು. ಇಮೋಜಿ ಇರುವ ಕಡೆಯಿಂದಲೇ ಬರಹ ಮಾಯವಾಗಿದ್ದರೆ ಮೊದಲು ಇದನ್ನೇ ನೋಡಿ. `utf8mb4`ಗೆ ಬದಲಾಯಿಸಿದರೆ ಸರಿಹೋಗುತ್ತದೆ.

ಇಮೋಜಿ ಎಲ್ಲರ ಕೈಗೆ ಬಂದದ್ದು ಇದಾದ ಮೇಲೆ ಬೇಗ. 2011ರ ಅಕ್ಟೋಬರ್‌ನಲ್ಲಿ ಆಪಲ್ ಆ ಕೀಬೋರ್ಡನ್ನು ಎಲ್ಲ ದೇಶಗಳಿಗೂ ತೆರೆದು, ಖಾಸಗಿ ನಂಬರ್ ಬಿಟ್ಟು ಯೂನಿಕೋಡ್ ನಂಬರ್ ಹಿಡಿಯಿತು. ಆಂಡ್ರಾಯ್ಡ್‌ನಲ್ಲಿ 2013ರ ಹೊತ್ತಿಗೆ ಬಣ್ಣದ ಇಮೋಜಿ ಬಂತು. ಜಪಾನಿನ ಹಳೆ ಪಟ್ಟಿಯಲ್ಲಿ ಇಲ್ಲದವೂ ವರ್ಷ ವರ್ಷ ಸೇರುತ್ತಿವೆ. ನಮ್ಮ ಆಟೋ 🛺, ಸೀರೆ 🥻, ದೀಪ 🪔, ದೇವಸ್ಥಾನ 🛕 ನಾಲ್ಕೂ ಒಟ್ಟಿಗೆ 2019ರಲ್ಲಿ ಬಂದವು.

ಒಂದು ಮಿತಿ ಇವತ್ತಿಗೂ ಹಾಗೇ ಇದೆ. ಯೂನಿಕೋಡ್ ಕೊಡುವುದು ನಂಬರ್ ಮತ್ತು ಹೆಸರು. ಚಿತ್ರ ಬರೆಯುವುದು ಆಯಾ ಕಂಪನಿ. 🔫 ಮೊದಲು ನಿಜವಾದ ಪಿಸ್ತೂಲಿನ ಚಿತ್ರವಾಗಿತ್ತು. 2016ರಲ್ಲಿ ಆಪಲ್ ಅದನ್ನು ನೀರು ಚಿಮ್ಮುವ ಆಟಿಕೆ ಮಾಡಿತು. ಬೇರೆ ದೊಡ್ಡ ಕಂಪನಿಗಳು ಬದಲಾದದ್ದು 2018ರಲ್ಲಿ. ನಡುವಿನ ಎರಡು ವರ್ಷ ಒಬ್ಬರು ತಮಾಷೆಗೆ ಕಳಿಸಿದ ಆಟಿಕೆ ಇನ್ನೊಬ್ಬರ ಪರದೆಯಲ್ಲಿ ನಿಜವಾದ ಪಿಸ್ತೂಲಾಗಿ ಕಾಣುತ್ತಿತ್ತು. ಎರಡೂ ಕಡೆ ನಂಬರ್ ಒಂದೇ, `U+1F52B`.